ಅತ್ತೆಗೆ ಲಕ್ವಾ ಹೊಡೆದಾಗ: ಇಬ್ಬರ ರಜೆಯನ್ನೂ ಆಸ್ಪತ್ರೆಯಲ್ಲೇ ಮುಗಿಸಬೇಡಿ

ಪಾರ್ಶ್ವವಾಯು ಆದವರ ಮನೆಗಳಿಗೆ ಹೋಗಿ ವ್ಯಾಯಾಮ ಮಾಡಿಸುವುದು ನನ್ನ ಕೆಲಸ. ಹುಬ್ಬಳ್ಳಿ, ಧಾರವಾಡ, ಗದಗದ ಕಡೆ ಇಂಥ ಮನೆಗಳಲ್ಲಿ ಒಂದು ಸಂಗತಿಯನ್ನು ಮತ್ತೆ ಮತ್ತೆ ಕಾಣುತ್ತೇನೆ. ಫೋನ್ ಬಂದ ದಿನ ಗಂಡ ಹೆಂಡತಿ ಇಬ್ಬರೂ ರಜೆ ಹಾಕಿ ಓಡುತ್ತಾರೆ. ಐಸಿಯು ಬಾಗಿಲ ಮುಂದೆ ಇಬ್ಬರೂ ಹಗಲು ರಾತ್ರಿ ಕೂರುತ್ತಾರೆ. ಡಿಸ್ಚಾರ್ಜ್ ಆಗಿ ಮನೆಗೆ ಬರುವ ಹೊತ್ತಿಗೆ ರಜೆ ಮುಗಿದಿರುತ್ತದೆ, ಕೈಯಲ್ಲಿದ್ದ ಹಣ ಕರಗಿರುತ್ತದೆ, ನಿದ್ದೆ ಇಲ್ಲದೆ ಇಬ್ಬರ ಕಣ್ಣೂ ಕೆಂಪಾಗಿರುತ್ತವೆ. ಆರೈಕೆಯ ನಿಜವಾದ ಕೆಲಸ ಶುರುವಾಗುವುದು ಆ ದಿನವೇ. ಆಸ್ಪತ್ರೆಯಲ್ಲಿ ನರ್ಸ್ ಇದ್ದರು, ಆಯಾ ಇದ್ದರು, ಡಾಕ್ಟರ್ ಇದ್ದರು. ಮನೆಯಲ್ಲಿ ಇರುವವರು ನೀವಿಬ್ಬರೇ.

ಲಕ್ವಾದಲ್ಲಿ ಕೈಕಾಲು, ಮಾತು ಚೇತರಿಸಿಕೊಳ್ಳುವ ವೇಗ ಹೆಚ್ಚಿರುವುದು ಮೊದಲ ಮೂರು ತಿಂಗಳಲ್ಲಿ. ಆಮೇಲೂ ಸುಧಾರಣೆ ಇದೆ, ಆದರೆ ನಿಧಾನ. ಆದ್ದರಿಂದ ನಿಮ್ಮ ರಜೆ, ಹಣ, ದೇಹದ ಶಕ್ತಿ ಮೂರನ್ನೂ ಈ ಮೂರು ತಿಂಗಳಿಗೆ ಹರಡಿ ಇಟ್ಟುಕೊಳ್ಳಬೇಕು. ಅದನ್ನು ಹೇಗೆ ಮಾಡಬೇಕು ಎಂಬುದನ್ನು ಒಂದು ಉದಾಹರಣೆ ಇಟ್ಟುಕೊಂಡು ಹೇಳುತ್ತೇನೆ.

ದಂಪತಿ ಇರುವುದು ಹುಬ್ಬಳ್ಳಿಯ ನವನಗರದಲ್ಲಿ. ಹೆಂಡತಿ ಧಾರವಾಡದ ಖಾಸಗಿ ಪ್ರೌಢಶಾಲೆಯೊಂದರಲ್ಲಿ ಶಿಕ್ಷಕಿ, ಚಿಗರಿ ಬಸ್ಸಿನಲ್ಲಿ ಓಡಾಡುತ್ತಾರೆ. ಗಂಡನಿಗೆ ಗೋಕುಲ ರಸ್ತೆಯ ಕಾರ್ಖಾನೆಯೊಂದರಲ್ಲಿ ಪಾಳಿಯ ಕೆಲಸ. ಹೆಂಡತಿಯ ತಾಯಿಗೆ 66 ವರ್ಷ, ಗದಗ ತಾಲ್ಲೂಕಿನ ಹಳ್ಳಿಯಲ್ಲಿ ಒಬ್ಬರೇ ಇದ್ದಾರೆ. ಹೆಂಡತಿಯ ಅಣ್ಣ ಪುಣೆಯಲ್ಲಿ. ಒಂದು ಭಾನುವಾರ ಬೆಳಿಗ್ಗೆ ಅವ್ವನ ಬಲಗೈ ಬಲಗಾಲು ಬಿದ್ದು ಮಾತು ನಿಂತಿದೆ ಎಂದು ಪಕ್ಕದ ಮನೆಯವರು ಫೋನ್ ಮಾಡುತ್ತಾರೆ.

ಮೊದಲ ಗಂಟೆ: ನೀವು ಅಲ್ಲಿಗೆ ಹೋಗುವುದಕ್ಕಿಂತ ಅವರು ಆಸ್ಪತ್ರೆಗೆ ಹೋಗುವುದು ಮುಖ್ಯ

ಹುಬ್ಬಳ್ಳಿಯಿಂದ ಕಾರು ತೆಗೆದುಕೊಂಡು ಹಳ್ಳಿಗೆ ಹೋಗಿ ಅವ್ವನನ್ನು ಕರೆತರುವ ಯೋಚನೆ ಬೇಡ. ಹುಬ್ಬಳ್ಳಿಯಿಂದ ಗದಗವೇ ಸುಮಾರು 60 ಕಿ.ಮೀ. ದೂರ. ರಕ್ತ ಹೆಪ್ಪುಗಟ್ಟಿ ಆದ ಪಾರ್ಶ್ವವಾಯುವಿಗೆ ಹೆಪ್ಪು ಕರಗಿಸುವ ಚುಚ್ಚುಮದ್ದನ್ನು ಲಕ್ಷಣ ಶುರುವಾದ ನಾಲ್ಕೂವರೆ ಗಂಟೆಯ ಒಳಗೆ ಕೊಡಬೇಕು, ಅದೂ ಸಿ.ಟಿ. ಸ್ಕ್ಯಾನ್‌ನಲ್ಲಿ ಮೆದುಳಿನ ರಕ್ತಸ್ರಾವ ಇಲ್ಲ ಎಂದು ಖಚಿತವಾದ ಮೇಲೆ. ನೀವು ಹೋಗಿ ಬರುವಷ್ಟರಲ್ಲಿ ಆ ಅವಧಿಯ ದೊಡ್ಡ ಪಾಲು ಕಳೆದಿರುತ್ತದೆ. ಪಕ್ಕದ ಮನೆಯವರೇ 108ಕ್ಕೆ ಕರೆ ಮಾಡಲಿ, ಇಲ್ಲವೇ ಸಿಕ್ಕ ಗಾಡಿಯಲ್ಲಿ ಹತ್ತಿರದ, ಸಿ.ಟಿ. ಸ್ಕ್ಯಾನ್ ಇರುವ ಆಸ್ಪತ್ರೆಗೆ ಕರೆದೊಯ್ಯಲಿ. ನೀವು ನೇರವಾಗಿ ಆ ಆಸ್ಪತ್ರೆಗೆ ಹೊರಡಿ.

ಫೋನಿನಲ್ಲಿ ಒಂದು ಪ್ರಶ್ನೆ ತಪ್ಪದೆ ಕೇಳಿ: ಅವ್ವ ಕೊನೆಯ ಬಾರಿ ಚೆನ್ನಾಗಿದ್ದುದನ್ನು ಯಾರು, ಎಷ್ಟು ಗಂಟೆಗೆ ನೋಡಿದರು? ಡಾಕ್ಟರ್ ಲೆಕ್ಕ ಹಾಕುವುದು ಆ ಸಮಯದಿಂದ. ಅವ್ವ ಬಿದ್ದಿದ್ದು ಆರು ಗಂಟೆಗೆ ಕಣ್ಣಿಗೆ ಬಿತ್ತು ಎನ್ನುವುದು ಸಾಲದು. ಐದೂವರೆಗೆ ಅಂಗಳ ಗುಡಿಸುತ್ತಿದ್ದುದನ್ನು ಕಂಡವರಿದ್ದರೆ ಐದೂವರೆ ಎಂದು ಬರೆದುಕೊಳ್ಳಿ. ಬಾಯಿಗೆ ನೀರು, ಚಹಾ, ಮಾತ್ರೆ ಯಾವುದನ್ನೂ ಹಾಕಬೇಡಿ ಎಂದು ಹೇಳಿ. ಅವರು ದಿನವೂ ನುಂಗುತ್ತಿದ್ದ ಬಿಪಿ, ಸಕ್ಕರೆ ಮಾತ್ರೆಗಳ ಚೀಲ, ಆಧಾರ್ ಮತ್ತು ರೇಷನ್ ಕಾರ್ಡನ್ನು ಜೊತೆಗೆ ಕಳುಹಿಸಲು ಹೇಳಿ. ಇನ್ನೊಂದು ಮಾತು. ಲಕ್ವಾಕ್ಕೆ ನಾಟಿ ಔಷಧ ಹಾಕಿಸಲು ಮೊದಲು ಕರೆದೊಯ್ಯುವ ರೂಢಿ ನಮ್ಮ ಕಡೆ ಇನ್ನೂ ಇದೆ. ಹಿರಿಯರು ಪ್ರೀತಿಯಿಂದಲೇ ಹೇಳುತ್ತಾರೆ. ಆದರೆ ಆ ನಾಲ್ಕೂವರೆ ಗಂಟೆಯನ್ನು ಯಾರಿಗೂ ಬಿಟ್ಟುಕೊಡಬೇಡಿ.

ಆಸ್ಪತ್ರೆಯ ದಿನಗಳು: ಒಬ್ಬರು ಒಳಗೆ, ಒಬ್ಬರು ಹೊರಗೆ

ಮೊದಲ ದಿನವೇ ಕೆಲಸ ಹಂಚಿಕೊಳ್ಳಿ. ಹೆತ್ತ ಮಗಳು ಅಥವಾ ಮಗ ಡಾಕ್ಟರ ಜೊತೆ ಮಾತನಾಡುವವರು, ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವವರು, ಅವ್ವನ ಪಕ್ಕ ಇರುವವರು. ಅಳಿಯ ಅಥವಾ ಸೊಸೆ ಕಾಗದ, ಹಣ, ಫೋನು, ಊಟ ನೋಡಿಕೊಳ್ಳುವವರು. ಇದು ಪ್ರೀತಿಯ ಅಳತೆ ಅಲ್ಲ. ವೆಂಟಿಲೇಟರ್ ಹಾಕಬೇಕೆ, ತಲೆಯ ಶಸ್ತ್ರಚಿಕಿತ್ಸೆ ಮಾಡಬೇಕೆ ಎಂಬ ಪ್ರಶ್ನೆ ಬಂದಾಗ ಅಳಿಯ ಉತ್ತರ ಕೊಟ್ಟು, ಫಲ ಕೆಟ್ಟದಾದರೆ ಆ ಮಾತು ವರ್ಷಗಟ್ಟಲೆ ಸಂಸಾರದಲ್ಲಿ ಉಳಿಯುತ್ತದೆ. ನಿರ್ಧಾರ ಮಕ್ಕಳದಾಗಿರಲಿ. ಪುಣೆಯ ಅಣ್ಣನನ್ನೂ ಫೋನಿನ ಸ್ಪೀಕರ್‌ನಲ್ಲಿ ಸೇರಿಸಿಕೊಳ್ಳಿ. ಅಳಿಯ ಪಕ್ಕದಲ್ಲಿ ನಿಂತು ಡಾಕ್ಟರ್ ಹೇಳಿದ್ದನ್ನು ಬರೆದುಕೊಳ್ಳಲಿ, ಏಕೆಂದರೆ ಅಳುತ್ತಿರುವ ಮಗಳ ಕಿವಿಗೆ ಅರ್ಧ ಮಾತು ಬೀಳುವುದಿಲ್ಲ.

ಹಣದ ವಿಷಯದಲ್ಲಿ ಮೂರು ಕಡೆ ವಿಚಾರಿಸಬೇಕು, ಅದೂ ದಾಖಲಾದ ದಿನವೇ. ಮೊದಲನೆಯದು ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ. ಬಿಪಿಎಲ್ ಕಾರ್ಡ್ ಇದ್ದ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ, ಎಪಿಎಲ್ ಕುಟುಂಬಕ್ಕೆ ಪ್ಯಾಕೇಜ್ ದರದ ಶೇ 30ರಷ್ಟು, ವರ್ಷಕ್ಕೆ 1.5 ಲಕ್ಷದವರೆಗೆ ನೆರವು ಇದೆ. ಇಲ್ಲಿ ಲೆಕ್ಕಕ್ಕೆ ಬರುವುದು ಹಳ್ಳಿಯಲ್ಲಿರುವ ಅವ್ವನ ರೇಷನ್ ಕಾರ್ಡು, ನವನಗರದ ನಿಮ್ಮದಲ್ಲ. ಎಷ್ಟೋ ಮಂದಿ ಅಳಿಯಂದಿರು ತಮ್ಮ ಎಪಿಎಲ್ ಕಾರ್ಡ್ ನೆನೆದು ಕೇಳದೆಯೇ ಸುಮ್ಮನಾಗುತ್ತಾರೆ. ನೋಂದಾಯಿತ ಆಸ್ಪತ್ರೆಗಳಲ್ಲಿ ಆರೋಗ್ಯಮಿತ್ರ ಎಂಬ ಸಿಬ್ಬಂದಿ ಇರುತ್ತಾರೆ, ಅವರನ್ನು ಹುಡುಕಿ ಕೇಳಿ. ಎರಡನೆಯದು ನಿಮ್ಮ ಕಂಪನಿಗಳ ಗುಂಪು ವಿಮೆ. ಕೆಲವು ವಿಮೆಗಳಲ್ಲಿ ತಂದೆ ತಾಯಿ ಅಥವಾ ಅತ್ತೆ ಮಾವ, ಇವರಲ್ಲಿ ಒಂದು ಜೋಡಿಯನ್ನು ಮಾತ್ರ ಸೇರಿಸಲು ಅವಕಾಶ ಇರುತ್ತದೆ. ಇಬ್ಬರ ಪಾಲಿಸಿಯನ್ನೂ ತೆರೆದು ನೋಡಿ. ಮೂರನೆಯದು ತೆರಿಗೆ. ತಾಯಿ 60 ದಾಟಿದ್ದು ಅವರಿಗೆ ಆರೋಗ್ಯ ವಿಮೆ ಇಲ್ಲದಿದ್ದರೆ, ಹಳೆಯ ತೆರಿಗೆ ಪದ್ಧತಿಯಲ್ಲಿರುವ ಮಗಳು ಆಸ್ಪತ್ರೆ ಖರ್ಚಿನ ಮೇಲೆ ವರ್ಷಕ್ಕೆ 50,000 ರೂಪಾಯಿವರೆಗೆ ವಿನಾಯಿತಿ ಪಡೆಯಬಹುದು. ಅಳಿಯ ಅದನ್ನು ಪಡೆಯಲು ಬರುವುದಿಲ್ಲ, ನಗದಾಗಿ ಕಟ್ಟಿದ್ದಕ್ಕೂ ಸಿಗುವುದಿಲ್ಲ. ಆದ್ದರಿಂದ ಬಿಲ್ಲನ್ನು ಹೆಂಡತಿಯ ಖಾತೆಯಿಂದ ಯುಪಿಐ ಅಥವಾ ಕಾರ್ಡ್ ಮೂಲಕ ಕಟ್ಟಿ.

ಇನ್ನು ರಜೆ. ನಮ್ಮ ಉದಾಹರಣೆಯಲ್ಲಿ ಹೆಂಡತಿಗೆ 14, ಗಂಡನಿಗೆ 16, ಒಟ್ಟು 30 ದಿನ ರಜೆ ಉಳಿದಿದೆ ಎಂದುಕೊಳ್ಳಿ. ಆಸ್ಪತ್ರೆಯಲ್ಲಿ ಒಂಬತ್ತು ದಿನ ಇಬ್ಬರೂ ಕುಳಿತರೆ ಅರ್ಧಕ್ಕಿಂತ ಹೆಚ್ಚು ಅಲ್ಲೇ ಮುಗಿಯುತ್ತದೆ. ಐಸಿಯು ಒಳಗೆ ನಿಮ್ಮನ್ನು ಬಿಡುವುದು ದಿನಕ್ಕೆ ಸ್ವಲ್ಪ ಹೊತ್ತು ಮಾತ್ರ, ಉಳಿದ ಹೊತ್ತು ಹೊರಗೆ ಒಬ್ಬರಿದ್ದರೆ ಸಾಕು. ಅಣ್ಣ ಬಂದು ರಾತ್ರಿಗಳನ್ನು ವಹಿಸಿಕೊಳ್ಳಲಿ. ಆಸ್ಪತ್ರೆಗೆ ಹೆಂಡತಿ 4 ದಿನ, ಗಂಡ 2 ದಿನ ರಜೆ ಬಳಸಲಿ. ಮನೆಗೆ ಬಂದ ಮೊದಲ ಎರಡು ವಾರಕ್ಕೆ ತಲಾ 6 ದಿನ, ಆದರೆ ಒಂದೇ ದಿನ ಇಬ್ಬರೂ ಅಲ್ಲ, ಸರದಿಯಲ್ಲಿ. ಹೀಗೆ ಹನ್ನೆರಡು ಕೆಲಸದ ದಿನಗಳಲ್ಲಿಯೂ ಒಬ್ಬರು ಮನೆಯಲ್ಲಿರುತ್ತಾರೆ. ನಂತರದ ಆರು ವಾರಕ್ಕೆ ವಾರಕ್ಕೊಂದು ದಿನದಂತೆ 6: ತಪಾಸಣೆಗೆ, ಬ್ಯಾಂಕಿಗೆ, ಆಯಾ ಬಾರದ ದಿನಕ್ಕೆ. ಅವುಗಳಲ್ಲಿ ಗಂಡನದು 4, ಹೆಂಡತಿಯದು 2. ಉಳಿಯುವ 6 ದಿನಗಳನ್ನು ಮುಟ್ಟಬೇಡಿ. ಜ್ವರ, ಎದೆಯಲ್ಲಿ ಕಫ, ಬಿದ್ದು ಪೆಟ್ಟು ಹೀಗೆ ಮತ್ತೆ ಆಸ್ಪತ್ರೆ ಸೇರುವ ಸಂದರ್ಭ ಮೊದಲ ಮೂರು ತಿಂಗಳಲ್ಲಿ ಬರಬಹುದು, ಅದಕ್ಕೆ ಅವು ಬೇಕು.

ಮೇಲಧಿಕಾರಿಯ ಬಳಿ ಹೋಗಿ "ಮನೆಯಲ್ಲಿ ಕಷ್ಟ, ಸ್ವಲ್ಪ ಸಹಕರಿಸಿ" ಎಂದರೆ ಅವರು ಅನುಕಂಪ ತೋರಿಸಿ ಕಳುಹಿಸುತ್ತಾರೆ, ಎರಡನೆಯ ವಾರಕ್ಕೆ ಬೇಸರಿಸುತ್ತಾರೆ. ಇಂತಿಷ್ಟು ಬೇಕೆಂದು ಬರೆದು ಕೇಳಿ. ಹೆಂಡತಿಯ ಪತ್ರ ಹೀಗಿರಬಹುದು:

"ನನ್ನ ತಾಯಿ ಪಾರ್ಶ್ವವಾಯುವಿನಿಂದ ಆಸ್ಪತ್ರೆಯಲ್ಲಿದ್ದಾರೆ, ದಾಖಲಾತಿಯ ಪ್ರತಿ ಲಗತ್ತಿಸಿದ್ದೇನೆ. ಅವರು ಮನೆಗೆ ಬಂದ ಮೇಲೆ ಎರಡು ವಾರದಲ್ಲಿ ಆರು ದಿನ ರಜೆ ಬೇಕಾಗುತ್ತದೆ, ದಿನಾಂಕಗಳನ್ನು ಮುಂಚಿತವಾಗಿ ತಿಳಿಸುತ್ತೇನೆ. ಮುಂದಿನ ಎರಡು ತಿಂಗಳು ನನ್ನ ತರಗತಿಗಳನ್ನು ಸಂಜೆ ನಾಲ್ಕೂವರೆಯ ಒಳಗೆ ಮುಗಿಯುವಂತೆ ಹೊಂದಿಸಿಕೊಡಬೇಕೆಂದು, ಸಂಜೆಯ ವಿಶೇಷ ತರಗತಿಯಿಂದ ಬಿಡುಗಡೆ ಮಾಡಬೇಕೆಂದು ಕೋರುತ್ತೇನೆ. ಅದರ ಬದಲು ಉತ್ತರ ಪತ್ರಿಕೆಗಳ ಮೌಲ್ಯಮಾಪನವನ್ನು ಮನೆಯಲ್ಲಿ ಮಾಡಿಕೊಡುತ್ತೇನೆ."

ಕೇಳಿದ್ದಕ್ಕೆ ಅವಧಿ ಇದೆ, ಬದಲಿಗೆ ಕೊಡುವುದೇನು ಎಂಬುದೂ ಇದೆ. ಇಂಥ ಪತ್ರವನ್ನು ನಿರಾಕರಿಸುವುದು ಕಷ್ಟ.

ಡಿಸ್ಚಾರ್ಜ್‌ಗೆ ಮುಂಚೆ ಕಲಿಯಬೇಕಾದದ್ದು

ಡಿಸ್ಚಾರ್ಜ್ ಆಗುವ ಎರಡು ದಿನ ಮೊದಲು ಗಂಡ ಹೆಂಡತಿ ಇಬ್ಬರೂ ವಾರ್ಡಿನಲ್ಲಿ ಇರಿ. ನರ್ಸ್ ಮಾಡುತ್ತಿರುವುದನ್ನು ನೋಡಿ, ನಂತರ ಅವರ ಮುಂದೆ ನೀವೇ ಮಾಡಿ ತೋರಿಸಿ. ಮಗ್ಗುಲು ಬದಲಿಸುವುದು, ಕೂರಿಸುವುದು, ಮಂಚದಿಂದ ಕುರ್ಚಿಗೆ ಎಬ್ಬಿಸುವುದು, ಮೂಗಿನ ನಳಿಕೆ ಇದ್ದರೆ ಅದರಲ್ಲಿ ಆಹಾರ ಕೊಡುವುದು, ಮೂತ್ರದ ನಳಿಕೆ ಇದ್ದರೆ ಅದನ್ನು ಸ್ವಚ್ಛವಾಗಿಡುವುದು, ಇಷ್ಟು ಕಲಿಯಬೇಕು. ಒಬ್ಬರೇ ಕಲಿತರೆ ಮುಂದೆ ಮೂರು ತಿಂಗಳು ಅವರೊಬ್ಬರೇ ಏಳಬೇಕಾಗುತ್ತದೆ. ಜಗಳದ ಮೊದಲ ಬೀಜ ಅಲ್ಲಿದೆ.

ಬಿದ್ದ ಕೈಯನ್ನು ಹಿಡಿದು ಎಂದೂ ಎಳೆಯಬೇಡಿ. ಭುಜದ ಸ್ನಾಯು ಸಡಿಲವಾಗಿರುವುದರಿಂದ ಕೀಲು ಜಾರುತ್ತದೆ, ಆ ನೋವು ತಿಂಗಳುಗಟ್ಟಲೆ ಕಾಡಿ ವ್ಯಾಯಾಮವನ್ನೇ ನಿಲ್ಲಿಸುತ್ತದೆ. ಎಬ್ಬಿಸುವಾಗ ಬೆನ್ನಿನ ಹಿಂದೆ, ಸೊಂಟದ ಬಳಿ ಹಿಡಿಯಿರಿ. ಮಲಗಿದ್ದಾಗ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿ. ಬೆನ್ನಿನ ಕೆಳಭಾಗ, ಹಿಮ್ಮಡಿಗಳನ್ನು ದಿನವೂ ನೋಡಿ. ಕೆಂಪಾದ ಜಾಗ ಒತ್ತಡ ತೆಗೆದ ಮೇಲೂ ಕೆಂಪಾಗಿಯೇ ಉಳಿದರೆ ಹಾಸಿಗೆ ಹುಣ್ಣು ಶುರುವಾಗುತ್ತಿದೆ ಎಂದರ್ಥ.

ನುಂಗುವ ವಿಷಯಕ್ಕೆ ಹೆಚ್ಚು ಎಚ್ಚರ ಬೇಕು. ಲಕ್ವಾ ಆದ ಮೇಲೆ ನುಂಗುವಾಗ ಗಂಟಲಲ್ಲಿ ಉಸಿರಿನ ದಾರಿ ಸರಿಯಾಗಿ ಮುಚ್ಚದೆ, ನುಂಗಿದ್ದು ಶ್ವಾಸಕೋಶಕ್ಕೆ ಇಳಿಯಬಹುದು. ಗಟ್ಟಿ ಆಹಾರಕ್ಕಿಂತ ತೆಳುವಾದ ನೀರು ಹೆಚ್ಚು ಅಪಾಯ ಎಂಬುದು ಅನೇಕರಿಗೆ ತಿಳಿದಿರುವುದಿಲ್ಲ. ನೋಡಲು ಬಂದ ಬಂಧುಗಳು ಎಳನೀರು ತಂದು, ಮಲಗಿದವರ ಬಾಯಿಗೆ ಅಕ್ಕರೆಯಿಂದ ಬಿಡುತ್ತಾರೆ. ಇದನ್ನು ತಡೆಯುವುದು ನಿಮ್ಮ ಕೆಲಸ. ನುಂಗುವ ಪರೀಕ್ಷೆ ಆಗಿದೆಯೇ, ಯಾವ ಹದದ ಆಹಾರ ಕೊಡಬಹುದು ಎಂದು ಆಸ್ಪತ್ರೆಯಲ್ಲೇ ಕೇಳಿ ಬರೆಸಿಕೊಳ್ಳಿ. ಬಾಯಿಯಿಂದ ಕೊಡಬಹುದು ಎಂದಿದ್ದರೆ ನೆಟ್ಟಗೆ ಕೂರಿಸಿ, ಚಿಕ್ಕ ಚಮಚೆಯಲ್ಲಿ, ಗಟ್ಟಿಯಾಗಿ ಕಾಸಿದ ಜೋಳದ ಅಂಬಲಿ, ಚೆನ್ನಾಗಿ ಬೆಂದ ನುಚ್ಚನ್ನು ನುಣ್ಣಗೆ ಅರೆದು ಕೊಡಿ. ಖಟಿ ರೊಟ್ಟಿ, ಚುರುಮುರಿ ಸದ್ಯಕ್ಕೆ ಬೇಡ. ಊಟದ ನಡುವೆ ಕೆಮ್ಮು, ನುಂಗಿದ ಮೇಲೆ ಗಂಟಲಲ್ಲಿ ನೀರು ನಿಂತಂತೆ ಗೊರಗೊರ ದನಿ, ಮಾರನೆಯ ದಿನ ಜ್ವರ ಕಂಡರೆ ಬಾಯಿಯ ಆಹಾರ ನಿಲ್ಲಿಸಿ ಅದೇ ದಿನ ಡಾಕ್ಟರಿಗೆ ತೋರಿಸಿ.

ಅಳಿಯನ ಮನೆ

ಎಲ್ಲಕ್ಕಿಂತ ಸೂಕ್ಷ್ಮವಾದದ್ದು ಇದು. ನಮ್ಮ ಕಡೆ ಅತ್ತೆ ಅಳಿಯನ ಎದುರು ಸೆರಗು ಸರಿಪಡಿಸಿಕೊಂಡು ಬಾಗಿಲ ಮರೆಯಲ್ಲಿ ನಿಂತು ಮಾತನಾಡಿದವರು. ಅಳಿಯನ ಮನೆಯಲ್ಲಿ ನಾಲ್ಕು ದಿನಕ್ಕಿಂತ ಹೆಚ್ಚು ಇರಬಾರದು ಎಂದು ಬೆಳೆದವರು. ಅಂಥವರು ಈಗ ಅದೇ ಅಳಿಯನ ಮನೆಯ ಮಂಚದ ಮೇಲೆ, ಡೈಪರ್ ಹಾಕಿಸಿಕೊಂಡು, ಮಾತಿಲ್ಲದೆ ಮಲಗಿದ್ದಾರೆ. ಅವರ ನಾಚಿಕೆ ದೊಡ್ಡದು, ಹೇಳಿಕೊಳ್ಳಲು ಬಾಯಿಲ್ಲ.

ಆದ್ದರಿಂದ ಕೆಲಸವನ್ನು ಮರ್ಯಾದೆ ನೋಡಿ ಹಂಚಬೇಕು. ಸ್ನಾನ, ಬಟ್ಟೆ ಬದಲಿಸುವುದು, ಡೈಪರ್, ಇವು ಮಗಳದು ಮತ್ತು ಸಂಬಳಕ್ಕೆ ಬರುವ ಹೆಣ್ಣುಮಗಳದು. ಅಳಿಯನ ಪಾಲಿಗೆ ವ್ಯಾಯಾಮ, ಮಾತ್ರೆ, ಊಟ, ಬಿಪಿ ಅಳೆದು ಬರೆಯುವುದು, ನಡೆಯಲು ಆಸರೆ ಕೊಡುವುದು. "ನಾನು ಎಲ್ಲಾ ಮಾಡುತ್ತೇನೆ, ನನಗೇನೂ ಹೇಸಿಗೆ ಇಲ್ಲ" ಎನ್ನುವ ಅಳಿಯಂದಿರನ್ನು ನೋಡಿದ್ದೇನೆ. ಅವರ ಮನಸ್ಸು ದೊಡ್ಡದು. ಆದರೆ ಇಲ್ಲಿ ಕೇಳಬೇಕಾದದ್ದು ಅತ್ತೆಯ ಮನಸ್ಸನ್ನು. ಸೊಸೆ ಮಾವನನ್ನು ನೋಡಿಕೊಳ್ಳುವ ಮನೆಯಲ್ಲೂ ಇದೇ ಮಾತು: ಮಾವನ ಸ್ನಾನ ಮಗನ ಕೆಲಸ. ಬೆಳಿಗ್ಗೆ ಕಚೇರಿಗೆ ಅರ್ಧ ಗಂಟೆ ತಡವಾದರೂ ಅದನ್ನು ಸೊಸೆಯ ಮೇಲೆ ಬಿಡಬಾರದು.

ನಮ್ಮ ಉದಾಹರಣೆಯ ಮನೆಯಲ್ಲಿ ಮೂರನೆಯ ವಾರದಿಂದ ದಿನ ಹೀಗೆ ನಡೆಯಬಹುದು. ಬೆಳಿಗ್ಗೆ ಏಳೂವರೆಗೆ ಆಯಾ ಬರುತ್ತಾರೆ, ಹೆಂಡತಿಯೂ ಅವರೂ ಸೇರಿ ಸ್ನಾನ ಮುಗಿಸುತ್ತಾರೆ, ಒಂಬತ್ತಕ್ಕೆ ಆಯಾ ಹೊರಡುತ್ತಾರೆ, ಹೆಂಡತಿ ಚಿಗರಿ ಬಸ್ ಹತ್ತುತ್ತಾರೆ. ಗಂಡ ಮಧ್ಯಾಹ್ನ ಎರಡರಿಂದ ರಾತ್ರಿ ಹತ್ತರ ಪಾಳಿ ಕೇಳಿ ಪಡೆದಿದ್ದಾರೆ. ಹನ್ನೊಂದಕ್ಕೆ ವ್ಯಾಯಾಮ, ಹನ್ನೆರಡೂವರೆಗೆ ಊಟ. ಒಂದು ಕಾಲಿಗೆ ಆಯಾ ಮತ್ತೆ ಬಂದು, ಹೆಂಡತಿ ಮನೆ ಸೇರುವ ಐದು ಕಾಲಿನವರೆಗೆ ಇರುತ್ತಾರೆ. ಹೀಗಾದರೆ ಸಂಬಳ ಕೊಡುವುದು ದಿನಕ್ಕೆ ಐದೂವರೆ ಗಂಟೆಗೆ ಮಾತ್ರ.

ಈ ಲೆಕ್ಕದಲ್ಲಿ ಒಂದು ನಷ್ಟ ಇದೆ. ಗಂಡ ಹೆಂಡತಿ ಒಬ್ಬರ ಮುಖ ಒಬ್ಬರು ನೋಡುವುದು ಬೆಳಗಿನ ಗಡಿಬಿಡಿಯಲ್ಲಿ ಮತ್ತು ರಾತ್ರಿ ಹತ್ತೂವರೆಯ ನಂತರ. ಎರಡು ತಿಂಗಳು ಹೀಗೇ ನಡೆದರೆ ಅವರು ಪಾಳಿ ಬದಲಿಸಿಕೊಳ್ಳುವ ಇಬ್ಬರು ಕೆಲಸಗಾರರಾಗಿಬಿಡುತ್ತಾರೆ. ಎರಡು ವಾರ ಮಧ್ಯಾಹ್ನದ ಪಾಳಿ, ಒಂದು ವಾರ ಸಾಮಾನ್ಯ ಪಾಳಿ ಎಂದು ಹೊಂದಿಸಿ, ಆ ಒಂದು ವಾರ ಆಯಾಗೆ ಪೂರ್ತಿ ದಿನದ ಸಂಬಳ ಕೊಡಿ. ಆ ಹಣವನ್ನು ದುಂದು ಎಂದು ನೋಡಬೇಡಿ, ಔಷಧದ ಪಟ್ಟಿಯಲ್ಲೇ ಅದನ್ನು ಸೇರಿಸಿ.

ಇಬ್ಬರ ನಡುವೆ

ಅವ್ವನಿಗೆ ಮಂಚ ಹಾಕುವಾಗ ನಿಮ್ಮ ಮಲಗುವ ಕೋಣೆಯನ್ನು ಬಿಟ್ಟುಕೊಡಬೇಡಿ. ಮಕ್ಕಳ ಕೋಣೆ ಅಥವಾ ಹಾಲಿನ ಒಂದು ಮೂಲೆಗೆ ಪರದೆ ಕಟ್ಟಿ ಅಲ್ಲಿ ಹಾಕಿ. ಎಡಗೈಗೆ ಎಟಕುವಂತೆ ಒಂದು ಕರೆಗಂಟೆ ಇಡಿ. ನಿಮಗೊಂದು ಬಾಗಿಲು ಮುಚ್ಚಿಕೊಳ್ಳುವ ಜಾಗ ಉಳಿಯಬೇಕು. ರಾತ್ರಿಯ ಪಾಳಿಯನ್ನು ದಿನ ಬಿಟ್ಟು ದಿನ ಮಾಡಿ. ಪಾಳಿ ಇಲ್ಲದವರು ಬಾಗಿಲು ಮುಚ್ಚಿ ಪೂರ್ತಿ ಮಲಗಲಿ, "ಎಚ್ಚರವಾದರೆ ನಾನೂ ಬರುತ್ತೇನೆ" ಎನ್ನುವುದು ಬೇಡ. ಇಬ್ಬರೂ ಅರೆನಿದ್ದೆಯಲ್ಲಿದ್ದರೆ ಯಾರಿಗೂ ನಿದ್ದೆ ಆಗುವುದಿಲ್ಲ. ಅಳಿಯನ ರಾತ್ರಿಯಲ್ಲಿ ಡೈಪರ್ ಬದಲಿಸಬೇಕಾದರೆ ಮಾತ್ರ ಹೆಂಡತಿಯನ್ನು ಎಬ್ಬಿಸಲಿ.

ಜಗಳ ಬಹಳ ಸಲ ಹುಟ್ಟುವುದು ಅವ್ವನ ಅಳುವಿನಿಂದ. ಲಕ್ವಾ ಆದವರು ಕಾರಣವಿಲ್ಲದೆ ಥಟ್ಟನೆ ಅಳುವುದುಂಟು, ಕೆಲವೊಮ್ಮೆ ನಗುವುದೂ ಉಂಟು. ಮೆದುಳಿನಲ್ಲಿ ಭಾವನೆಯನ್ನು ಹಿಡಿತದಲ್ಲಿಡುವ ಭಾಗಕ್ಕೆ ಪೆಟ್ಟು ಬಿದ್ದಾಗ ಹಾಗಾಗುತ್ತದೆ. ಗಂಡ ರಜೆ ಹಾಕಿ ಮನೆಯಲ್ಲಿದ್ದ ದಿನ, ಸಂಜೆ ಮಗಳು ಮನೆಗೆ ಬಂದಾಗ ಅವ್ವ ಅಳುತ್ತಿದ್ದರೆ, ಮಗಳು ಗಂಡನ ಕಡೆ ನೋಡುವ ಒಂದು ನೋಟ ಸಾಕು. "ಮಧ್ಯಾಹ್ನ ಏನಾಯಿತು?" ಎಂಬ ಸರಳ ಪ್ರಶ್ನೆಯೂ ಆರೋಪದಂತೆ ಕೇಳಿಸುತ್ತದೆ. ಬೆಳಗಿನಿಂದ ಅನ್ನ ಉಣಿಸಿದ ಅಳಿಯನಿಗೆ ಅದು ಚುಚ್ಚುತ್ತದೆ. ಹೀಗಾಗುತ್ತದೆ ಎಂದು ಮೊದಲೇ ಇಬ್ಬರಿಗೂ ಗೊತ್ತಿದ್ದರೆ ಆ ಸಂಜೆ ಉಳಿಯುತ್ತದೆ. ಥಟ್ಟನೆ ಬಂದು ಒಂದೆರಡು ನಿಮಿಷದಲ್ಲಿ, ಬೇರೆ ಕಡೆ ಗಮನ ಸೆಳೆದಾಗ ನಿಲ್ಲುವ ಅಳು ಈ ಬಗೆಯದು. ಆದರೆ ಎರಡು ವಾರ ಊಟ ಬೇಡ, ವ್ಯಾಯಾಮ ಬೇಡ, ಯಾರ ಮುಖವೂ ಬೇಡ ಎಂಬಂತಿದ್ದರೆ ಅದು ಖಿನ್ನತೆ ಇರಬಹುದು. ಲಕ್ವಾ ಆದವರಲ್ಲಿ ಹೆಚ್ಚುಕಡಿಮೆ ಮೂವರಲ್ಲಿ ಒಬ್ಬರಿಗೆ ಅದು ಬರುತ್ತದೆ, ಚಿಕಿತ್ಸೆಯೂ ಇದೆ. ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್‌ನಲ್ಲಿಯೋ ನಿಮ್ಮ ಡಾಕ್ಟರ ಬಳಿಯೋ ತೋರಿಸಿ.

ಬಲಭಾಗ ಬಿದ್ದವರಿಗೆ ಅನೇಕ ಸಲ ಮಾತೂ ಹೋಗುತ್ತದೆ. ಅವರು "ಹೂಂ" ಎಂದಾಗ "ಊಹೂಂ" ಎಂಬ ಅರ್ಥ ಇರಬಹುದು. ಉತ್ತರ ಹೌದು ಅಥವಾ ಇಲ್ಲ ಎಂದು ಬರುವ ಚಿಕ್ಕ ಪ್ರಶ್ನೆ ಕೇಳಿ, ಲೋಟ ಅಥವಾ ಚಾದರ ತೋರಿಸಿ, ಅವರು ಕೈಯಲ್ಲಿ ತೋರಿಸುವವರೆಗೆ ಕಾಯಿರಿ. "ನನ್ನ ಕೈಯಲ್ಲಿ ಉಣ್ಣಲು ಒಲ್ಲೆ ಅನ್ನುತ್ತಾರೆ" ಎಂದು ಅಳಿಯ ನೊಂದುಕೊಂಡ ಮನೆಯಲ್ಲಿ, ಅತ್ತೆಗೆ ಬೇಕಾಗಿದ್ದುದು ಇನ್ನೊಂದು ಚಮಚೆ ಅಂಬಲಿ ಎಂದು ಆಮೇಲೆ ತಿಳಿಯಿತು.

ಬಂಧುಗಳ ಮಾತಿಗೆ ಒಂದು ನಿಯಮ ಮಾಡಿಕೊಳ್ಳಿ: ಅವರವರ ಮನೆಯವರಿಗೆ ಅವರವರೇ ಉತ್ತರ ಕೊಡಬೇಕು. "ಮಗ ಬೀಗತಿಯ ಸೇವೆಗೆ ನಿಂತಿದ್ದಾನೆ" ಎಂದು ಗಂಡನ ಮನೆಯಲ್ಲಿ ಯಾರಾದರೂ ಅಂದರೆ ಅದಕ್ಕೆ ಗಂಡ ಉತ್ತರಿಸಲಿ, ಆ ಮಾತನ್ನು ಹೆಂಡತಿಗೆ ತಂದು ಮುಟ್ಟಿಸುವುದು ಬೇಡ. ಪುಣೆಯ ಅಣ್ಣನ ಜೊತೆ ಹಣದ ಮಾತನ್ನು ತಂಗಿ ಆಡಲಿ, ಅಳಿಯ ಆಡಿದರೆ ಅದು ಬೀಗರ ಲೆಕ್ಕಾಚಾರ ಆಗುತ್ತದೆ. "ನೀನು ಏನೂ ಮಾಡುತ್ತಿಲ್ಲ" ಎಂದರೆ ಅಣ್ಣ ಫೋನ್ ಎತ್ತುವುದನ್ನೇ ಬಿಡುತ್ತಾನೆ. ಹೀಗೆ ಹೇಳಿ: "ಅಣ್ಣಾ, ಆಯಾ ಸಂಬಳ, ಫಿಸಿಯೋಥೆರಪಿ, ಡೈಪರ್, ಔಷಧ ಸೇರಿ ಈ ತಿಂಗಳು ಇಷ್ಟಾಗಿದೆ, ಚೀಟಿಗಳನ್ನು ಕಳುಹಿಸಿದ್ದೇನೆ. ಆಯಾ ಸಂಬಳವನ್ನು ನೀನು ನೋಡಿಕೊ. ತಿಂಗಳಿಗೊಮ್ಮೆ ಶನಿವಾರ ಭಾನುವಾರ ಬಂದು ಅವ್ವನ ಜೊತೆ ಇರು, ಆ ಎರಡು ದಿನ ನಾವು ಬಿಡುವು ತೆಗೆದುಕೊಳ್ಳುತ್ತೇವೆ." ಅವನು ಬಂದ ದಿನ ಮನೆಯಲ್ಲೇ ಉಳಿದು ಹೀಗೆ ಮಾಡು ಹಾಗೆ ಮಾಡು ಎನ್ನಬೇಡಿ. ನಿಜವಾಗಿ ಹೊರಗೆ ಹೋಗಿ.

ವಾರಕ್ಕೊಮ್ಮೆ ಅರ್ಧ ಗಂಟೆ ಮನೆಯ ಹೊರಗೆ ಇಬ್ಬರೇ ಕುಳಿತು ಮಾತನಾಡಿ. ಉಣಕಲ್ ಕೆರೆಯ ದಂಡೆ ನವನಗರದಿಂದ ದೂರವಿಲ್ಲ. ಮೊದಲ ಹತ್ತು ನಿಮಿಷ ಹಣ, ರಜೆ, ಮುಂದಿನ ವಾರದ ಪಾಳಿ. ಆಮೇಲೆ ಪ್ರತಿಯೊಬ್ಬರೂ ಈ ವಾರ ಯಾವುದು ಭಾರವಾಯಿತು ಎಂದು ಒಂದೇ ಒಂದು ಸಂಗತಿ ಹೇಳಿ. ಕೇಳುವವರು ಸಮರ್ಥನೆ ಕೊಡದೆ ಕೇಳಿ. ಉಳಿದ ಹೊತ್ತು ಅವ್ವನ ಕಾಯಿಲೆಯ ಮಾತೇ ಬೇಡ. ಮನೆಯೊಳಗೆ, ಅವ್ವನ ಮಂಚದ ಬಳಿ ಈ ಮಾತು ಆಡಬಾರದು. ಅವರಿಗೆ ಮಾತು ಬರುವುದಿಲ್ಲ, ಕಿವಿ ಕೇಳುತ್ತದೆ. ತನ್ನಿಂದ ಮಗಳ ಸಂಸಾರ ಕೆಡುತ್ತಿದೆ ಎಂದುಕೊಂಡ ತಾಯಿ ಊಟ ಬಿಡುತ್ತಾರೆ.

ಯಾವಾಗ ಹದ ತಪ್ಪುತ್ತಿದೆ ಎಂದು ತಿಳಿಯಲು ಕೆಲವು ಗುರುತುಗಳಿವೆ. ಒಬ್ಬರು ಕೆಲಸ ಮುಗಿದ ಮೇಲೂ ಕಚೇರಿಯಲ್ಲಿ ಅಥವಾ ಚಹಾದಂಗಡಿಯಲ್ಲಿ ಉಳಿಯತೊಡಗುತ್ತಾರೆ. "ಅವ್ವ" ಎಂದು ಕರೆಯುತ್ತಿದ್ದುದು "ನಿಮ್ಮ ಅವ್ವ" ಆಗುತ್ತದೆ. ರೋಗಿಯ ಬಿಪಿ ದಿನವೂ ಬರೆಯುವವರು ತಮ್ಮ ಸ್ವಂತ ಮಾತ್ರೆ ಮರೆಯುತ್ತಾರೆ. ಇವುಗಳಲ್ಲಿ ಒಂದು ಕಂಡರೂ ಉಳಿಸಿಟ್ಟ ರಜೆಯಿಂದ ಒಂದು ದಿನ ತೆಗೆದು, ದಣಿದವರನ್ನು ಸುಮ್ಮನೆ ಮಲಗಲು ಬಿಡಿ.

ಮೂರು ತಿಂಗಳ ಕೊನೆಗೆ

ಡಿಸ್ಚಾರ್ಜ್ ದಿನವೇ ಕ್ಯಾಲೆಂಡರಿನಲ್ಲಿ ಮೂರು ತಿಂಗಳ ನಂತರದ ಒಂದು ದಿನ ಗುರುತು ಹಾಕಿ, ಮುಂದಿನ ವ್ಯವಸ್ಥೆಯನ್ನು ಆ ದಿನ ನಿರ್ಧರಿಸುತ್ತೇವೆ ಎಂದು ಅಣ್ಣನಿಗೂ ತಿಳಿಸಿ. ಅಲ್ಲಿಯವರೆಗೆ "ಇದು ಎಷ್ಟು ದಿನ?" ಎಂಬ ಪ್ರಶ್ನೆ ಮನೆಯಲ್ಲಿ ಬೇಡ. ಅಷ್ಟರಲ್ಲಿ ಬ್ಯಾಂಕಿನ ಕೆಲಸವನ್ನೂ ಮುಗಿಸಿ. ಬಲಗೈ ಬಿದ್ದವರ ಸಹಿ ಹೊಂದುವುದಿಲ್ಲ, ಆದ್ದರಿಂದ ಹೆಬ್ಬೆಟ್ಟಿನ ಗುರುತಿನ ವ್ಯವಸ್ಥೆ ಮಾಡಿಕೊಡಲು ಶಾಖೆಯಲ್ಲಿ ಕೇಳಿ. ಓಡಾಡಲಾಗದ ಪಿಂಚಣಿದಾರರ ಹೆಬ್ಬೆಟ್ಟನ್ನು ಇಬ್ಬರು ಸಾಕ್ಷಿಗಳ ಎದುರು ಒಪ್ಪುವ ನಿಯಮ ಇದೆ, ಆ ಇಬ್ಬರಲ್ಲಿ ಒಬ್ಬರು ಬ್ಯಾಂಕಿನ ಜವಾಬ್ದಾರಿಯುತ ಅಧಿಕಾರಿ ಆಗಿರಬೇಕು.

ಅವ್ವನ ಮನಸ್ಸು ಬಹುಮಟ್ಟಿಗೆ ಊರಿನ ಕಡೆಗೇ ಇರುತ್ತದೆ. ಪಂಚಮಿಗೆ ಮಗಳು ತವರಿಗೆ ಬರಬೇಕು, ತಾನು ಮಗಳ ಮನೆಯಲ್ಲಿ ಇರುವುದೇನು ಎಂಬ ಕೊರಗು ಅವರದು. ಕಳುಹಿಸಬಹುದೇ ಎಂದು ನಿರ್ಧರಿಸಲು ನಾನು ನೋಡುವುದು ನಾಲ್ಕು ಸಂಗತಿ. ವಾಕರ್ ಹಿಡಿದು ಒಬ್ಬರೇ ಶೌಚಾಲಯಕ್ಕೆ ಹೋಗಿ ಬರುತ್ತಾರೆಯೇ, ಊಟವನ್ನೂ ನೀರನ್ನೂ ಕೆಮ್ಮಿಲ್ಲದೆ ನುಂಗುತ್ತಾರೆಯೇ, ಡಬ್ಬಿಯಿಂದ ಸರಿಯಾದ ಮಾತ್ರೆ ತಾವೇ ತೆಗೆದುಕೊಳ್ಳುತ್ತಾರೆಯೇ, ಎಡಗೈಯಲ್ಲಿ ಫೋನ್ ಒತ್ತಿ ಮಗಳನ್ನು ಕರೆಯುತ್ತಾರೆಯೇ. ನಾಲ್ಕೂ ಆಗುತ್ತಿದ್ದರೆ, ಊರಿನ ಮನೆಯಲ್ಲಿ ಹಿಡಿಕೆ ಇರುವ ಕಮೋಡ್ ಹಾಕಿಸಿ, ಹಗಲು ಜೊತೆಗಿರಲು ಒಬ್ಬರನ್ನು ಗೊತ್ತು ಮಾಡಿ, ಮೊದಲ ಮೂರು ದಿನ ಮಗಳು ಜೊತೆಗಿದ್ದು ನೋಡಲಿ. ಆ ಮೂರು ದಿನ ಅವರನ್ನು ಹಿಡಿದುಕೊಳ್ಳದೆ, ಅಡುಗೆಮನೆಯಲ್ಲಿ ಕುಳಿತು ದೂರದಿಂದ ಗಮನಿಸಬೇಕು. ಎರಡು ಅಥವಾ ಮೂರು ಮಾತ್ರ ಆಗುತ್ತಿದ್ದರೆ ಇನ್ನೂ ಆರು ವಾರ ನವನಗರದಲ್ಲೇ ಇರಲಿ. ಯಾವುದು ಬಾಕಿ ಇದೆಯೋ ಅದಕ್ಕೇ ದಿನದ ವ್ಯಾಯಾಮವನ್ನು ಹೊಂದಿಸಿ, ಆರು ವಾರದ ನಂತರದ ದಿನಾಂಕವನ್ನು ಅವ್ವನಿಗೆ ಕಾಣುವಂತೆ ಗೋಡೆಯ ಕ್ಯಾಲೆಂಡರಿನಲ್ಲಿ ಬರೆಯಿರಿ. ಒಂದೂ ಆಗದಿದ್ದರೆ ಪುಣೆ ಮತ್ತು ಹುಬ್ಬಳ್ಳಿ ನಡುವೆ ತಿಂಗಳುಗಳನ್ನು ಹಂಚಿಕೊಳ್ಳುವ ಮಾತನ್ನು ಅಣ್ಣ ತಂಗಿ ಎದುರು ಬದುರು ಕುಳಿತು ಆಡಬೇಕು. ಆ ಮಾತು ಆಡುವಾಗ ಅತ್ತಿಗೆಯೂ ಅಳಿಯನೂ ಜೊತೆಯಲ್ಲಿರಲಿ, ಏಕೆಂದರೆ ಪಾಳಿ ಬೀಳುವುದು ಅವರ ರಾತ್ರಿಗಳಿಗೂ ಸೇರಿ.